ತಿಥಿ ಮನೆಯಲ್ಲಿ ರೆಕಾರ್ಡ್ ಮಾಡಿದ ನೆನಪುಗಳಿಂದ ನುಡಿನಮನ ಬರೆಯುವುದು: ಸಮಗ್ರ ಮಾರ್ಗದರ್ಶಿ

ತಿಥಿಗೆ ಸೇರಿದ ನೆಂಟರು ಹೇಳುವ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಈಗ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಒಂದು ವಾರ ಬಿಟ್ಟು ನುಡಿನಮನ ಸಭೆ ಇರುತ್ತದೆ. ಅಲ್ಲಿ ಓದುವುದಕ್ಕೆ ಒಂದು ಬರಹ ಬೇಕು. ಮನೆಯಲ್ಲಿ ಸ್ವಲ್ಪ ಬರೆಯಲು ಬರುವವರ ತಲೆಗೆ ಆ ಕೆಲಸ ಬೀಳುತ್ತದೆ. ಎರಡು ಗಂಟೆಯಷ್ಟು ರೆಕಾರ್ಡಿಂಗ್ ಕೈಯಲ್ಲಿದ್ದರೂ ಬರೆಯಲು ಕೂತರೆ ಮುಂದಕ್ಕೆ ಹೋಗುವುದೇ ಇಲ್ಲ.

ಹೀಗೆ ಸಿಕ್ಕಿಕೊಂಡವರ ಕರಡುಗಳು ಹೆಚ್ಚಾಗಿ ಎರಡೇ ಥರ ಇರುತ್ತವೆ. ಒಂದರಲ್ಲಿ ಎಲ್ಲರ ಮಾತೂ ಸಾಲಾಗಿ ಇರುತ್ತದೆ: ದೊಡ್ಡಪ್ಪ ಹೀಗಂದರು, ಚಿಕ್ಕಮ್ಮ ಹೀಗಂದರು, ಭಾವ ಹೀಗಂದರು. ಕೇಳಿದರೆ ಸಂಘದ ಸಭೆಯ ನಡಾವಳಿ ಓದಿದ ಹಾಗಾಗುತ್ತದೆ. ಇನ್ನೊಂದರಲ್ಲಿ ಯಾರ ಮಾತೂ ಉಳಿದಿರುವುದಿಲ್ಲ. ಮಮತಾಮಯಿ, ಸರಳ ಜೀವಿ, ಕಷ್ಟಸಹಿಷ್ಣು ಅಂತ ಬರೆದಿರುತ್ತಾರೆ. ಹೆಸರು ತೆಗೆದು ಬೇರೆಯವರ ಹೆಸರು ಹಾಕಿದರೂ ಅದು ನಡೆಯುತ್ತದೆ. ಎರಡಕ್ಕೂ ಕಾರಣ ಒಂದೇ. ರೆಕಾರ್ಡ್ ಮಾಡುವುದಕ್ಕೂ ಬರೆಯುವುದಕ್ಕೂ ನಡುವೆ ಮಾಡಬೇಕಾದ ಕೆಲಸವನ್ನು ಬಿಟ್ಟುಬಿಟ್ಟಿರುತ್ತಾರೆ. ಈ ಬರಹದ ಬಹುಪಾಲು ಆ ನಡುವಿನ ಕೆಲಸದ ಬಗ್ಗೆಯೇ ಇದೆ.

ಅರ್ಥವಾಗಲು ಸುಲಭವಾಗಲಿ ಅಂತ ಒಂದು ಉದಾಹರಣೆ ಕಟ್ಟಿಕೊಂಡಿದ್ದೇನೆ. ಕನಕಪುರದ ಕಡೆಯ ಒಂದು ಹಳ್ಳಿ. ರೇಷ್ಮೆ ಹುಳ ಸಾಕುತ್ತಿದ್ದ ಅಜ್ಜಿ ತೀರಿಕೊಂಡಿದ್ದಾರೆ. ಮಕ್ಕಳು, ಸೊಸೆಯರು ಅವರನ್ನು ʻಅವ್ವʼ ಅಂತ ಕರೆಯುತ್ತಿದ್ದರು. ಹನ್ನೊಂದನೇ ದಿನದ ತಿಥಿಗೆ ಎಲ್ಲರೂ ಸೇರಿದ್ದಾರೆ. ಬೆಂಗಳೂರಿನಲ್ಲಿರುವ ಮೊಮ್ಮಗಳು ಮುಂದಿನ ಭಾನುವಾರದ ಸಭೆಯಲ್ಲಿ ಆರು ನಿಮಿಷ ಮಾತಾಡಬೇಕು.

## ಬೇಕಾಗುವ ಸಾಮಾನು

ಚಾರ್ಜ್ ತುಂಬಿದ ಫೋನು, ಅದರಲ್ಲಿ ವಾಯ್ಸ್ ರೆಕಾರ್ಡರ್, ಸಾಕಷ್ಟು ಖಾಲಿ ಜಾಗ. ಮಡಚಿದ ಒಂದು ಟವೆಲ್ಲು. ಇಯರ್‌ಫೋನು. ಅಂಗೈ ಅಗಲದ ಚೀಟಿಗಳು ಒಂದು ಕಟ್ಟು, ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಇಷ್ಟು ಸಾಕು. ಬೇರೆ ಮೈಕು ತಂದರೆ ಹಿರಿಯರು ಮೈಕು ನೋಡಿಕೊಂಡು ಭಾಷಣ ಶುರುಮಾಡುತ್ತಾರೆ.

## ಹಂತ 1: ಮೊದಲು ಉದ್ದ ಗೊತ್ತುಮಾಡಿ, ಆಮೇಲೆ ಪ್ರಶ್ನೆ

ಸಭೆ ನಡೆಸುವವರನ್ನು ಕೇಳಿ ನಿಮಗೆ ಎಷ್ಟು ನಿಮಿಷ ಅಂತ ಮೊದಲೇ ತಿಳಿದುಕೊಳ್ಳಿ. ಇಂಥ ಸಭೆಯಲ್ಲಿ ಮಾಮೂಲಿಗಿಂತ ನಿಧಾನವಾಗಿ ಓದುತ್ತೇವೆ. ನಿಮಿಷಕ್ಕೆ 80 ಪದ ಅಂತ ಇಟ್ಟುಕೊಂಡರೆ ಆರು ನಿಮಿಷಕ್ಕೆ 480 ಪದ. ಅಷ್ಟರಲ್ಲಿ ಮೂರೋ ನಾಲ್ಕೋ ಘಟನೆ ಹಿಡಿಯುತ್ತವೆ, ಅಷ್ಟೇ. ಈ ಲೆಕ್ಕ ಮೊದಲೇ ತಲೆಯಲ್ಲಿದ್ದರೆ ಎಲ್ಲರ ಮಾತನ್ನೂ ತುರುಕುವ ಆಸೆ ಕಡಿಮೆಯಾಗುತ್ತದೆ.

ಇನ್ನು ಪ್ರಶ್ನೆ. ʻಅವ್ವ ಹೇಗಿದ್ದರು?ʼ ಅಂತ ಕೇಳಿದರೆ ʻದೇವರಂಥವರುʼ ಅಂತ ಉತ್ತರ ಬರುತ್ತದೆ. ಅದರ ಮುಂದೆ ಮಾತು ನಿಂತುಹೋಗುತ್ತದೆ. ಒಂದು ಜಾಗ, ಒಂದು ಹೊತ್ತು, ಒಂದು ವಸ್ತು ಹಿಡಿದು ಕೇಳಿ. ʻಈ ಮನೇಲಿ ಅವ್ವ ಯಾವ ಜಾಗದಲ್ಲಿ ಕೂರ್ತಿತ್ತು?ʼ ʻನೀವು ಊರಿಂದ ಬಂದ ತಕ್ಷಣ ಮೊದಲು ಏನು ಕೇಳ್ತಿತ್ತು?ʼ ʻಕೊನೇ ಸಲ ನಿಮ್ಮನ್ನ ಬೈದಿದ್ದು ಯಾವುದಕ್ಕೆ?ʼ ಬೈಗುಳದ ಪ್ರಶ್ನೆಗೆ ಜನ ನಗುತ್ತಾ ಉತ್ತರ ಕೊಡುತ್ತಾರೆ. ಆ ನಗುವಿನ ಹಿಂದೆಯೇ ಒಂದು ಪೂರ್ತಿ ಘಟನೆ ಬರುವುದು ಜಾಸ್ತಿ.

## ಹಂತ 2: ಹೊತ್ತು ನೋಡಿ ರೆಕಾರ್ಡ್ ಮಾಡಿ

ಎಡೆ ಇಡುವ ಹೊತ್ತು, ಊಟ ಬಡಿಸುವ ಹೊತ್ತು ಬೇಡ. ಊಟ ಮುಗಿದು, ದೂರದವರು ಹೊರಟು, ಮನೆಯವರು ಎಲೆ ಅಡಿಕೆ ಹಿಡಿದು ಜಗಲಿ ಮೇಲೆ ಕೂರುತ್ತಾರಲ್ಲ, ಅದೇ ಸರಿಯಾದ ಹೊತ್ತು. ಗಂಡಸರು ಜಗಲಿಯಲ್ಲಿ ಸಿಗುತ್ತಾರೆ. ಹೆಂಗಸರು ಆಗಲೂ ಪಾತ್ರೆ ತೊಳೆಯುತ್ತಲೋ ಅಡುಗೆಮನೆ ಒರೆಸುತ್ತಲೋ ಇರುತ್ತಾರೆ. ಎಷ್ಟೋ ನುಡಿನಮನಗಳಲ್ಲಿ ಸೊಸೆಯಂದಿರ ಒಂದು ಮಾತೂ ಇರದೇ ಹೋಗುವುದು ಇದರಿಂದಲೇ. ಸತ್ತವರ ಜೊತೆ ದಿನದ ಇಪ್ಪತ್ನಾಲ್ಕು ಗಂಟೆ ಬಾಳಿದವರು ಅವರು. ಅವರ ಕೆಲಸ ಮುಗಿಯುವವರೆಗೆ ಕಾಯಿರಿ. ಸಾಧ್ಯವಾದರೆ ನೀವೂ ನಾಲ್ಕು ಪಾತ್ರೆ ತೊಳೆಯಿರಿ.

ಶುರುಮಾಡುವ ಮೊದಲು ಒಂದು ಮಾತು ಹೇಳಿ: ʻದೊಡ್ಡಮ್ಮ, ಇದನ್ನ ಫೋನಲ್ಲಿ ಇಟ್ಕೊಳ್ತೀನಿ. ಭಾನುವಾರ ಸಭೇಲಿ ಇದರಲ್ಲಿ ಸ್ವಲ್ಪ ಓದ್ತೀನಿ. ಪರವಾಗಿಲ್ವಾ?ʼ ಬೇಡ ಅಂದರೆ ಫೋನು ಜೇಬಿಗೆ ಹಾಕಿ ಸುಮ್ನೆ ಕೇಳಿಸಿಕೊಳ್ಳಿ. ಕದ್ದು ರೆಕಾರ್ಡ್ ಮಾಡಿದ್ದು ಆಮೇಲೆ ಗೊತ್ತಾದರೆ ಆ ಮನಸ್ತಾಪ ವರ್ಷಗಟ್ಟಲೆ ಉಳಿಯುತ್ತದೆ.

ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ. ಮಧ್ಯೆ ಕರೆ ಬಂದರೆ ಎಷ್ಟೋ ಫೋನುಗಳಲ್ಲಿ ರೆಕಾರ್ಡಿಂಗ್ ನಿಂತುಬಿಡುತ್ತದೆ. ಮಡಚಿದ ಟವೆಲ್ಲಿನ ಮೇಲೆ ಇಡಿ. ಬರಿ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಕೇಳುತ್ತದೆ. ಮಾಮೂಲಿ ಫೋನಿನ ಮೈಕು ಕೆಳಗಿನ ಅಂಚಿನಲ್ಲಿ, ಚಾರ್ಜರ್ ಚುಚ್ಚುವ ಕಡೆ ಇರುತ್ತದೆ. ಆ ಅಂಚು ಮಾತಾಡುವವರ ಕಡೆ ಇರಲಿ, ದೂರ ಒಂದು ಮೊಳ ಸಾಕು. ಫ್ಯಾನ್ ಆರಿಸಿ. ಎರಡು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಇಯರ್‌ಫೋನಿನಲ್ಲಿ ಕೇಳಿ ನೋಡಿ, ಆಮೇಲೆ ಮುಂದುವರಿಸಿ.

ಒಬ್ಬರಿಗೆ ಒಂದು ಫೈಲು ಮಾಡಿ. ಪ್ರತಿ ಫೈಲಿನ ಮೊದಲಲ್ಲಿ ನೀವೇ ಜೋರಾಗಿ ಹೇಳಿ: ʻಇವರು ಚಿಕ್ಕಪ್ಪ, ಅವ್ವನ ಎರಡನೇ ಮಗ.ʼ ಇಬ್ಬರು ಮೂವರು ಒಟ್ಟಿಗೆ ಮಾತಿಗೆ ಬಿದ್ದರೆ ತಡೆಯಬೇಡಿ. ಒಬ್ಬರ ನೆನಪು ಇನ್ನೊಬ್ಬರ ನೆನಪನ್ನು ಎಬ್ಬಿಸುತ್ತದೆ. ಯಾವ ದನಿ ಯಾರದ್ದು ಅಂತ ಆಮೇಲೆ ಗುರುತು ಸಿಗಲಿಕ್ಕೆ ನಡುನಡುವೆ ʻಹೌದಾ ಅತ್ತೆ?ʼ, ʻಆಮೇಲೆ ದೊಡ್ಡಪ್ಪ?ʼ ಅಂತ ಹೆಸರು ಹಿಡಿದು ಕೇಳುತ್ತಿರಿ.

## ಹಂತ 3: ಅದೇ ರಾತ್ರಿ ಫೈಲುಗಳಿಗೆ ಹೆಸರು, ಎರಡು ಕಡೆ ನಕಲು

ಈ ಕೆಲಸವನ್ನು ನಾಳೆಗೆ ಇಡಬೇಡಿ. ʻರೆಕಾರ್ಡಿಂಗ್ 17ʼ ಅಂತ ಇರುವ ಫೈಲು ಯಾರದ್ದು ಅಂತ ನಾಲ್ಕು ದಿನದ ಮೇಲೆ ನೆನಪಿರುವುದಿಲ್ಲ. ʻ04 ಚಿಕ್ಕಪ್ಪ ಬಸ್ಸು ತಪ್ಪಿದ ರಾತ್ರಿʼ ಅಂತ ಹೆಸರು ಕೊಡಿ. ಒಂದು ನಕಲು ನಿಮ್ಮ ಲ್ಯಾಪ್‌ಟಾಪಿಗೆ, ಇನ್ನೊಂದು ನಂಬಿಕೆಯ ಒಬ್ಬ ನೆಂಟರಿಗೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಮೂಲ ಫೈಲು ಇದ್ದ ಹಾಗೇ ಹೋಗುತ್ತದೆ. ಕುಟುಂಬದ ಗುಂಪಿಗೆ ಮಾತ್ರ ಈಗಲೇ ಹಾಕಬೇಡಿ. ಅದರೊಳಗೆ ಏನೇನಿದೆ ಅಂತ ನೀವಿನ್ನೂ ಪೂರ್ತಿ ಕೇಳಿಲ್ಲ.

## ಹಂತ 4: ಎರಡು ಸಲ ಕೇಳಿ, ಚೀಟಿ ಮಾಡಿ

ಮೊದಲನೇ ಸಲ ಪೆನ್ನು ಮುಟ್ಟದೆ ಕೇಳಿ. ಅಳು ಬಂದರೆ ಅತ್ತುಬಿಡಿ. ಬರೆಯುವಾಗ ಬರುವ ಅಳುವಿಗಿಂತ ಈಗ ಬರುವುದು ಒಳ್ಳೆಯದು.

ಎರಡನೇ ಸಲ ಚೀಟಿ ಹಿಡಿದು ಕೂರಿ. ರೆಕಾರ್ಡಿಂಗ್ ಪೂರ್ತಿ ಬರೆದುಕೊಳ್ಳಲು ಹೋಗಬೇಡಿ. ಒಂದು ಗಂಟೆ ಮಾತನ್ನು ಅಕ್ಷರಕ್ಕಿಳಿಸಲು ಸುಲಭವಾಗಿ ನಾಲ್ಕು ಗಂಟೆ ಬೇಕು. ಅದರಲ್ಲಿ ಮುಕ್ಕಾಲು ಪಾಲು ಬಳಕೆಗೆ ಬರುವುದಿಲ್ಲ. ಒಂದು ಘಟನೆಗೆ ಒಂದು ಚೀಟಿ. ಅದರ ಮೇಲೆ ನಾಲ್ಕು ವಿಷಯ: ಯಾರು ಹೇಳಿದ್ದು, ಎಷ್ಟನೇ ನಿಮಿಷ, ಒಂದು ಸಾಲಿನಲ್ಲಿ ಘಟನೆ, ಮತ್ತು ಅವರ ಬಾಯಿಂದಲೇ ಬಂದ ಒಂದು ಮಾತು, ಇದ್ದ ಹಾಗೆ.

ನಮ್ಮ ಉದಾಹರಣೆಯಲ್ಲಿ ಚಿಕ್ಕಪ್ಪನ ಮಾತು ರೆಕಾರ್ಡಿಂಗಿನಲ್ಲಿ ಹೀಗಿದೆ:

"ನಾನು ಆವಾಗ ಕನಕಪುರದಲ್ಲಿ ಓದ್ತಿದ್ನಾ... ಇಲ್ಲ, ಮುಗ್ದೋಗಿತ್ತು. ಕೊನೇ ಬಸ್ಸು ಹೊರಟೋಗ್ಬುಟ್ಟಿತ್ತು. ನಡ್ಕೊಂಡೇ ಬಂದೆ. ಕೆರೆ ಏರಿ ಮ್ಯಾಲ್ ಬಂದ್ರೆ ನಮ್ಮ ಹುಳದ ಮನೇಲಿ ದೀಪ. ಬಾಗ್ಲು ತಟ್ನೇ ಇಲ್ಲ. ಅವ್ವ ಎದ್ದೇ ಇತ್ತು. ಉಣ್ಣಕ್ಕಿಕ್ತು. ಏನೂ ಕೇಳ್ಲಿಲ್ಲ."

ಚೀಟಿಯಲ್ಲಿ ಇಷ್ಟು: ʻಚಿಕ್ಕಪ್ಪ, ಫೈಲು 04, 3:12. ಬಸ್ಸು ತಪ್ಪಿ ನಡೆದು ಬಂದ ರಾತ್ರಿ, ಏರಿ ಮೇಲಿಂದ ದೀಪ ಕಂಡದ್ದು. "ಬಾಗ್ಲು ತಟ್ನೇ ಇಲ್ಲ. ಅವ್ವ ಎದ್ದೇ ಇತ್ತು."ʼ

ಇಲ್ಲಿ ಆಗುವ ದೊಡ್ಡ ತಪ್ಪು ಆಡುಮಾತನ್ನು ತಿದ್ದುವುದು. ʻಅವ್ವ ಎದ್ದೇ ಇತ್ತುʼ ಅನ್ನುವುದನ್ನು ʻತಾಯಿಯವರು ಎಚ್ಚರವಾಗಿಯೇ ಇದ್ದರುʼ ಅಂತ ಬರೆದರೆ ಚಿಕ್ಕಪ್ಪ ಅಲ್ಲಿಂದ ಎದ್ದು ಹೋದ ಹಾಗೆ. ನೀವು ಬರೆಯುವ ಸಾಲು ನಿಮ್ಮ ಕನ್ನಡದಲ್ಲಿರಲಿ. ಅವರ ಮಾತು ಅವರ ಕನ್ನಡದಲ್ಲೇ ಇರಲಿ.

ಎರಡನೇ ಎಚ್ಚರಿಕೆ ಕಸುಬಿನ ಮಾತುಗಳ ಬಗ್ಗೆ. ಸೋದರತ್ತೆಯ ರೆಕಾರ್ಡಿಂಗಿನಲ್ಲಿ ಒಂದು ಸಾಲಿದೆ: "ನನ್ನ ಮೊದಲನೇ ಬಾಣಂತನಕ್ಕೆ ಅವ್ವ ಎಂಟು ದಿನ ತಡವಾಗಿ ಬಂತು. ನಾಕನೇ ಜ್ವರ ಎದ್ದಿತ್ತಲ್ಲ." ಬೆಂಗಳೂರಿನಲ್ಲಿ ಬೆಳೆದ ಮೊಮ್ಮಗಳು ಇದನ್ನು ಕೇಳಿ ಅಜ್ಜಿಗೆ ಜ್ವರ ಬಂದಿತ್ತು ಅಂತ ಬರೆದರೆ ಸಭೆಯಲ್ಲಿ ಅರ್ಧ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ರೇಷ್ಮೆ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಒಂದೊಂದು ಸಲವೂ ಮೇವು ಬಿಟ್ಟು ಸುಮ್ಮನೆ ಮಲಗುತ್ತದೆ. ರೈತರು ಅದನ್ನೇ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಹುಳ ತಿನ್ನುವ ಸೊಪ್ಪಿಗೆ ಲೆಕ್ಕವೇ ಇಲ್ಲ. ಇಡೀ ಬೆಳೆಗೆ ತಿನ್ನುವುದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ಒಂದು ವಾರದಲ್ಲೇ. ಆ ವಾರ ಮನೆ ಬಿಟ್ಟು ಹೋಗಲು ಆಗುವುದಿಲ್ಲ. ಇದು ಗೊತ್ತಾದರೆ ಅತ್ತೆಯ ಆ ಒಂದು ಸಾಲಿನಲ್ಲಿ ಎಷ್ಟು ನೋವಿದೆ ಅನ್ನುವುದೂ ಗೊತ್ತಾಗುತ್ತದೆ. ಗದ್ದೆ, ಮಗ್ಗ, ಬೋಟು, ಅಂಗಡಿ, ಯಾವ ಕಸುಬಿನ ಮನೆಯಾದರೂ ನಿಮಗೆ ಪಕ್ಕಾ ಗೊತ್ತಿಲ್ಲದ ಮಾತು ಬಂದರೆ ಚೀಟಿ ಮೇಲೆ ಒಂದು ಪ್ರಶ್ನೆ ಚಿಹ್ನೆ ಹಾಕಿ, ಹಿರಿಯರನ್ನು ಕೇಳಿ.

## ಹಂತ 5: ಕೆಂಪು ಪೆನ್ನಿನ ಕೆಲಸ

ಈಗ ಎಲ್ಲ ಚೀಟಿಗಳನ್ನೂ ಒಂದು ಸಲ ಕೆಂಪು ಪೆನ್ನು ಹಿಡಿದು ನೋಡಿ. ಗುರುತು ಹಾಕಬೇಕಾದವು ಎರಡು ಬಗೆ.

ಮೊದಲನೆಯದು, ಇಬ್ಬರು ಬೇರೆ ಬೇರೆ ಹೇಳಿದ್ದು. ಹುಳ ಸಾಕುವುದನ್ನು ನಿಲ್ಲಿಸಿದ್ದು ರಾಜಕುಮಾರ್ ಅಪಹರಣ ಆದ ವರ್ಷ ಅಂತ ದೊಡ್ಡಪ್ಪ ಹೇಳುತ್ತಾರೆ, ಅಂದರೆ 2000. ಸೋದರತ್ತೆ ಇನ್ನೂ ಎರಡು ವರ್ಷ ಸಾಕಿದರು ಅನ್ನುತ್ತಾರೆ. ದೀಪ ಅಂದರೆ ಲಾಟೀನು ಅಂತ ದೊಡ್ಡಪ್ಪ, ಬಲ್ಬು ಅಂತ ಚಿಕ್ಕಪ್ಪ. ಯಾರು ಸರಿ ಅಂತ ತೀರ್ಪು ಕೊಡಲು ಹೋಗಬೇಡಿ. ಇಬ್ಬರಿಗೂ ಒಪ್ಪಿಗೆಯಾಗುವ ಮಾತು ಹುಡುಕಿ. ʻದೀಪʼ ಅಂದರೆ ಲಾಟೀನೂ ಹೌದು, ಬಲ್ಬೂ ಹೌದು. ʻಸುಮಾರು 2000ದ ಹೊತ್ತಿಗೆʼ ಅಂದರೆ ಯಾರೂ ಎದ್ದು ನಿಂತು ತಿದ್ದುವುದಿಲ್ಲ.

ಹುಟ್ಟಿದ ದಿನದ ಬಗ್ಗೆ ಇನ್ನೊಂದು ಮಾತು. ಆಧಾರ್ ಕಾರ್ಡಿನಲ್ಲಿ ಜನವರಿ 1 ಅಂತ ಇದ್ದರೆ ಅದನ್ನೇ ನಂಬಿ ಓದಬೇಡಿ. ಹುಟ್ಟಿದ ದಾಖಲೆ ಇಲ್ಲದೆ ಬರಿ ವಯಸ್ಸು ಹೇಳಿದ ಎಷ್ಟೋ ಹಿರಿಯರಿಗೆ ಆ ತಾರೀಖು ಬಿದ್ದಿದೆ. ಹಿಂದಿನವರು ವಯಸ್ಸನ್ನು ಊರಿಗೆಲ್ಲ ಗೊತ್ತಿದ್ದ ಸಂಗತಿಗೆ ಗಂಟುಹಾಕಿ ಹೇಳುತ್ತಿದ್ದರು. ʻಗಾಂಧಿ ಸತ್ತಾಗ ಅವ್ವ ಅಂಬೆಗಾಲಿಡೋ ಕೂಸುʼ ಅಂತ ಪಕ್ಕದ ಮನೆಯ ಅಜ್ಜಿ ಹೇಳಿದರೆ 1947ರ ಆಸುಪಾಸು ಹುಟ್ಟಿದವರು ಅಂತ ಆಯಿತು. ಆ ಮಾತನ್ನೇ ಸಭೆಯಲ್ಲಿ ಹೇಳಿ. ಸುಳ್ಳು ತಾರೀಖಿಗಿಂತ ಅದು ಮೇಲು.

ಎರಡನೇ ಬಗೆ, ಯಾರಿಗಾದರೂ ನೋವು ಕೊಡುವಂಥದ್ದು. ಜಮೀನು ಪಾಲು, ಸಾಲ, ಒಪ್ಪಿಗೆ ಇಲ್ಲದೆ ನಡೆದ ಮದುವೆ, ಯಾರು ಆಸ್ಪತ್ರೆಗೆ ಬಂದರು ಯಾರು ಬರಲಿಲ್ಲ ಅನ್ನುವುದು. ಇದರ ಸುಳಿವು ರೆಕಾರ್ಡಿಂಗಿನಲ್ಲೇ ಇರುತ್ತದೆ. ಮಾತು ನಡುವೆ ದನಿ ಇಳಿಯುತ್ತದೆ. ʻಇದನ್ನೆಲ್ಲ ಹೇಳ್ಬ್ಯಾಡ ಕಣವ್ವʼ ಅನ್ನುತ್ತಾರೆ. ಎಲ್ಲರೂ ನಗುವಾಗ ಒಬ್ಬರು ಮಾತ್ರ ಸುಮ್ಮನಿರುತ್ತಾರೆ. ಜಮೀನು, ದುಡ್ಡು, ಆಸ್ಪತ್ರೆಯ ಚೀಟಿಗಳನ್ನು ಯೋಚನೆ ಮಾಡದೆ ಪಕ್ಕಕ್ಕಿಡಿ. ಬೇರೆ ನೋವಿನ ಚೀಟಿಗಳನ್ನು ಎಸೆಯಬೇಡಿ, ಕೆಂಪು ಗುರುತು ಹಾಕಿ ಇಟ್ಟುಕೊಳ್ಳಿ. ಅತ್ತೆಯ ಬಾಣಂತನದ ಚೀಟಿ ಅಂಥದ್ದೇ.

ಕೊನೇ ದಿನಗಳ ಕಾಯಿಲೆಯ ವಿವರವೂ ಬೇಡ. ಸಾವು ಹೊಸದಾದ್ದರಿಂದ ಎಲ್ಲರ ಬಾಯಲ್ಲೂ ಅದೇ ಇರುತ್ತದೆ. ರೆಕಾರ್ಡಿಂಗಿನ ಅರ್ಧ ಅದೇ ಆಗಿರಬಹುದು. ಎಪ್ಪತ್ತೆಂಟು ವರ್ಷದ ಬಾಳಿನಲ್ಲಿ ಅದು ಕೊನೆಯ ಮೂರು ವಾರ ಮಾತ್ರ ಅಲ್ವಾ?

## ಹಂತ 6: ಎಳೆ ಹುಡುಕುವುದು

ಇಡೀ ಕೆಲಸದಲ್ಲಿ ಇದೇ ಮುಖ್ಯವಾದದ್ದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಉಳಿದ ಚೀಟಿಗಳನ್ನು ನೆಲದ ಮೇಲೆ ಹರಡಿ. ʻಒಳ್ಳೆಯತನʼ, ʻದುಡಿಮೆʼ, ʻಭಕ್ತಿʼ ಅಂತ ಗುಣಗಳ ಪ್ರಕಾರ ಗುಂಪು ಮಾಡಬೇಡಿ. ಹಾಗೆ ಮಾಡಿದರೆ ಮತ್ತೆ ಮಮತಾಮಯಿಗೇ ಬಂದು ನಿಲ್ಲುತ್ತೀರಿ. ಬೇರೆ ಬೇರೆ ಜನ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದೆ, ಒಂದೇ ವಸ್ತುವನ್ನೋ ಒಂದೇ ಹೊತ್ತನ್ನೋ ಒಂದೇ ಮಾತನ್ನೋ ಹೇಳಿದ್ದಾರಾ ನೋಡಿ. ಕನಿಷ್ಠ ಮೂವರು ಹೇಳಿರಬೇಕು. ಅವರು ಒಂದೇ ಕಡೆಯವರಾಗಿರಬಾರದು. ಮೂವರೂ ಮಕ್ಕಳೇ ಆದರೆ ಅದು ಮನೆಯಲ್ಲಿ ಪದೇ ಪದೇ ಹೇಳಿ ಹಳೆಯದಾದ ಕಥೆ ಇರಬಹುದು. ಒಬ್ಬರು ಮಗ, ಒಬ್ಬರು ಸೊಸೆ, ಒಬ್ಬರು ನೆರೆಯವರು ಆದರೆ ಅದು ಗಟ್ಟಿ.

ನಮ್ಮ ಉದಾಹರಣೆಯ ಚೀಟಿಗಳನ್ನು ನೋಡೋಣ. ಚಿಕ್ಕಪ್ಪನಿಗೆ ಬಸ್ಸು ತಪ್ಪಿದ ರಾತ್ರಿ ದೀಪ ಕಂಡಿದೆ. ದೊಡ್ಡಮ್ಮ, ಅಂದರೆ ದೊಡ್ಡ ಸೊಸೆ, ಹೇಳಿದ್ದು ಹೀಗೆ: ಮಗು ರಾತ್ರಿಯೆಲ್ಲ ಅಳುತ್ತಿದ್ದಾಗ ಅಜ್ಜಿ ಬಂದು ಎತ್ತಿಕೊಂಡು ಹೋಗುತ್ತಿದ್ದರು, "ನೀ ಮಲಿಕ್ಕೊ, ನಾ ಹೆಂಗೂ ಸೊಪ್ಪು ಹಾಕಕ್ಕೆ ಎದ್ದಿವ್ನಿ" ಅನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮೊಮ್ಮಗನಿಗೆ ಅಲಾರಾಂ ಬೇಕಿರಲಿಲ್ಲ. ಅಜ್ಜಿ ಹುಳದ ಮನೆಗೆ ಹೋಗುವಾಗ ಕಾಲು ಅಲುಗಾಡಿಸಿ ಎಬ್ಬಿಸುತ್ತಿದ್ದರು. ಪಕ್ಕದ ಮನೆಯ ಅಜ್ಜಿಗೆ ಒಂದು ರಾತ್ರಿ ಹೊಟ್ಟೆನೋವು ಬಂದಾಗ ಮೊದಲು ಓಡಿದ್ದು ಇವರ ಮನೆಗೆ, "ಅಲ್ಲೊಂದೇ ಬೆಳಕಿತ್ತು" ಅಂತ. ನಾಲ್ಕು ಜನ, ನಾಲ್ಕು ಸಂದರ್ಭ. ಎಲ್ಲದರಲ್ಲೂ ಇರುವುದು ರಾತ್ರಿ ಎದ್ದಿರುವ ಅಜ್ಜಿ. ಯಾರೂ ಅದನ್ನು ಗುಣ ಅಂತ ಹೇಳಲೇ ಇಲ್ಲ.

ಇದು ಎಳೆ. ಈಗ ಅತ್ತೆಯ ಕೆಂಪು ಚೀಟಿಯನ್ನು ಮತ್ತೆ ನೋಡಿ. ಎಲ್ಲರಿಗೂ ಒದಗಿದ ಆ ಎಚ್ಚರಕ್ಕೆ ಕಾರಣವಾದ ಹುಳವೇ ಮಗಳ ಬಾಣಂತನದ ಹೊತ್ತಿಗೆ ತಾಯಿಯನ್ನು ತಡೆದಿದೆ. ಅತ್ತೆ ಒಪ್ಪಿದರೆ ಈ ಚೀಟಿ ಬರಹದಲ್ಲಿ ಇರಲೇಬೇಕು. ಬರಿ ಒಳ್ಳೆಯದನ್ನೇ ಹೇಳಿದರೆ ಸಭೆಯಲ್ಲಿ ಕೂತ ಮಕ್ಕಳಿಗೆ ಇದು ನಮ್ಮವ್ವ ಅಂತ ಅನಿಸುವುದಿಲ್ಲ.

ಎಷ್ಟು ಹುಡುಕಿದರೂ ಎಳೆ ಸಿಗದಿದ್ದರೆ ಸಾಮಾನ್ಯವಾಗಿ ಪ್ರಶ್ನೆಗಳು ಸಡಿಲವಾಗಿದ್ದವು ಅಂತ ಅರ್ಥ. ಇಬ್ಬರಿಗೆ ಫೋನ್ ಮಾಡಿ ಹಂತ 1ರ ಥರದ ಒಂದು ಪ್ರಶ್ನೆ ಕೇಳಿ. ಇಲ್ಲದ ಎಳೆಯನ್ನು ನೀವೇ ಎಳೆದು ತರಬೇಡಿ. ಹೇಳಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

## ಹಂತ 7: ಕರಡು

ಹುಟ್ಟಿದ ಊರು, ತಂದೆತಾಯಿ, ಮಕ್ಕಳ ಸಂಖ್ಯೆ, ಇವುಗಳಿಂದ ಶುರುಮಾಡಬೇಡಿ. ನಿರೂಪಣೆ ಮಾಡುವವರು ಅದನ್ನು ಹೇಗೂ ಓದಿರುತ್ತಾರೆ. ನೇರವಾಗಿ ಒಂದು ಘಟನೆಗೆ ಇಳಿಯಿರಿ. ಕಣ್ಣಿಗೆ ಕಾಣುವಂಥದ್ದು ಯಾವುದು ಇದೆಯೋ ಅದು ಮೊದಲು. ಚಿಕ್ಕಪ್ಪನ ಚೀಟಿಯಿಂದ ಕರಡು ಹೀಗೆ ಶುರುವಾಗಬಹುದು:

"ಅಜ್ಜಿ ಮನೆಯಲ್ಲಿ ರಾತ್ರಿ ಹೊತ್ತು ಒಂದು ದೀಪ ಇರುತ್ತಿತ್ತು. ಹುಳಕ್ಕೆ ಸೊಪ್ಪು ಹಾಕುವ ಹೊತ್ತು ಅದು. ಒಂದು ರಾತ್ರಿ ಕೊನೇ ಬಸ್ಸು ತಪ್ಪಿ ಚಿಕ್ಕಪ್ಪ ಕನಕಪುರದಿಂದ ನಡೆದೇ ಬಂದರಂತೆ. ಕೆರೆ ಏರಿ ಮೇಲೆ ಬಂದಾಗ ಆ ದೀಪ ಕಾಣಿಸಿತು. ʻಬಾಗ್ಲು ತಟ್ನೇ ಇಲ್ಲ. ಅವ್ವ ಎದ್ದೇ ಇತ್ತುʼ ಅಂದರು ಚಿಕ್ಕಪ್ಪ. ಅಜ್ಜಿ ಉಣ್ಣಲು ಬಡಿಸಿದರು. ಏನೂ ಕೇಳಲಿಲ್ಲ."

ಇಲ್ಲಿ ಓದು, ಕಾಲೇಜು, ಯಾವ ವರ್ಷ ಅನ್ನುವ ಗೊಂದಲ ಬಿಟ್ಟುಹೋಗಿದೆ. ಚಿಕ್ಕಪ್ಪನ ಬಾಯಿಮಾತು ಮಾತ್ರ ಹಾಗೇ ಉಳಿದಿದೆ. ನಡೆದದ್ದರ ಕ್ರಮ ಬದಲಾಗಿಲ್ಲ, ಹೊಸದಾಗಿ ಏನೂ ಸೇರಿಲ್ಲ. ಮಳೆ ಬರುತ್ತಿತ್ತು, ಕತ್ತಲು ಕವಿದಿತ್ತು ಅಂತ ನಿಮ್ಮ ಕಡೆಯಿಂದ ಒಂದು ಹನಿಯನ್ನೂ ಸೇರಿಸಬೇಡಿ. ಅಲ್ಲಿ ಇದ್ದವರು ಸಭೆಯಲ್ಲಿ ಕೂತಿರುತ್ತಾರೆ.

ಒಂದು ಘಟನೆಯಿಂದ ಇನ್ನೊಂದಕ್ಕೆ ಹೋಗುವಾಗ ʻಅದೇ ರೀತಿ ದೊಡ್ಡಮ್ಮನವರೂ ತಮ್ಮ ಅನುಭವ ಹಂಚಿಕೊಂಡರುʼ ಅನ್ನುವ ಸಾಲು ಬೇಕಿಲ್ಲ. ಎಳೆಯೇ ಹಿಡಿದುಕೊಂಡು ಹೋಗುತ್ತದೆ: "ಅದೇ ದೀಪದ ಬೆಳಕಿನಲ್ಲಿ ದೊಡ್ಡಮ್ಮನ ಮಗು ಮಲಗುತ್ತಿತ್ತು." ಇಷ್ಟು ಸಾಕು, ಕೇಳುವವರು ಜೊತೆಗೆ ಬರುತ್ತಾರೆ. ʻಇದು ಅಜ್ಜಿಯ ತ್ಯಾಗವನ್ನು ತೋರಿಸುತ್ತದೆʼ ಅಂತ ಪ್ರತಿ ಘಟನೆಯ ಬಾಲಕ್ಕೆ ಅರ್ಥ ಕಟ್ಟುವುದೂ ಬೇಡ. ಕರಡಿನಲ್ಲಿ ಅಂಥ ಸಾಲು ಬಂದರೆ ಹೊಡೆದುಹಾಕಿ ಓದಿ ನೋಡಿ. ಬರಹಕ್ಕೆ ಏನೂ ಕಡಿಮೆಯಾಗಿರುವುದಿಲ್ಲ.

ಮನೆಯವರ ಹೆಸರು, ಮಕ್ಕಳು ಮೊಮ್ಮಕ್ಕಳು ಅನ್ನುವ ವಿವರ ಬೇಕೇ ಬೇಕು ಅಂತ ಹಿರಿಯರು ಹೇಳಿದರೆ ಎರಡನೇ ಘಟನೆ ಆದ ಮೇಲೆ ಮೂರು ಸಾಲಿನಲ್ಲಿ ಸೇರಿಸಿ. ಹೆಸರುಗಳ ಸರದಿ ವಯಸ್ಸಿನ ಪ್ರಕಾರ ಇರಲಿ. ಇದರಲ್ಲಿ ತಪ್ಪಿದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಜನ ನೆನಪಿಟ್ಟುಕೊಳ್ಳುವುದು ಇದನ್ನೇ.

## ಹಂತ 8: ಹೇಳಿದವರಿಗೆ ಓದಿ ಕೇಳಿಸಿ

ಸಭೆಗೆ ಎರಡು ದಿನ ಮೊದಲು, ಯಾರ ಯಾರ ಮಾತು ಕರಡಿನಲ್ಲಿದೆಯೋ ಅವರಿಗೆಲ್ಲ ಫೋನ್ ಮಾಡಿ. ಅವರವರ ಭಾಗ ಮಾತ್ರ ಓದಿ. ಪೂರ್ತಿ ಕರಡನ್ನು ಕಳಿಸಿದರೆ ಪ್ರತಿಯೊಬ್ಬರೂ ಒಂದೊಂದು ಸಾಲು ಸೇರಿಸಿ ಅಂತ ಹೇಳುತ್ತಾರೆ, ಎರಡು ದಿನದಲ್ಲಿ ಅದು ಮತ್ತೆ ನಡಾವಳಿ ಆಗಿಬಿಡುತ್ತದೆ.

ಕೇಳಬೇಕಾದ್ದು ಎರಡೇ: ʻಇದು ನೀವು ಹೇಳಿದ ಹಾಗೇ ಇದೆಯಾ? ಎಲ್ಲರ ಮುಂದೆ ಓದಬಹುದಾ?ʼ ಕೆಂಪು ಚೀಟಿಯವರಿಗೆ ಫೋನಿಗಿಂತ ಎದುರು ಕೂತು ಕೇಳುವುದು ಒಳ್ಳೆಯದು. ಅವರು ಒಂದು ಕ್ಷಣ ತಡೆದರೂ ಅದನ್ನು ಬೇಡ ಅಂತಲೇ ತಿಳಿದುಕೊಳ್ಳಿ. ʻನಿಂಗೆ ಹೆಂಗೆ ಸರಿ ಅನ್ಸುತ್ತೋ ಹಂಗ್ ಮಾಡುʼ ಅನ್ನುವ ಉತ್ತರವನ್ನು ಒಪ್ಪಿಗೆ ಅಂದುಕೊಳ್ಳಬೇಡಿ.

ಹೀಗೆ ಕೇಳಿದಾಗ ಎಷ್ಟೋ ಸಲ ರೆಕಾರ್ಡಿಂಗಿನಲ್ಲಿ ಇಲ್ಲದ್ದು ಸಿಗುತ್ತದೆ. ನಮ್ಮ ಉದಾಹರಣೆಯ ಸೋದರತ್ತೆ ತನ್ನ ಭಾಗ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾರೆ: "ಓದು. ಆದ್ರೆ ಇದನ್ನೂ ಸೇರ್ಸು. ಆ ಗೂಡಿನ ದುಡ್ಡಲ್ಲೇ ನನ್ನ ಮಗೀಗೆ ತೊಟ್ಲು ತಂತು." ಎಂಟು ದಿನ ತಡವಾಗಿ ಬಂದದ್ದೂ, ತೊಟ್ಟಿಲು ತಂದದ್ದೂ ಒಂದೇ ಅಜ್ಜಿ. ಒಂದರ ಪಕ್ಕ ಒಂದು ಇಟ್ಟು ಓದಿದರೆ ಸಾಕು, ವಿವರಿಸುವ ಅಗತ್ಯವಿಲ್ಲ. ಕರಡಿನ ಕೊನೆಯ ಘಟನೆಯಾಗಿ ಇದನ್ನೇ ಇಡಿ.

## ಹಂತ 9: ಬಾಯಿಬಿಟ್ಟು ಓದಿ ಕತ್ತರಿಸಿ

ಮೌನವಾಗಿ ಓದಿ ಸರಿಯಿದೆ ಅಂದುಕೊಳ್ಳಬೇಡಿ. ನಿಂತು, ಜೋರಾಗಿ, ಗಡಿಯಾರ ಇಟ್ಟುಕೊಂಡು ಓದಿ. ಉಸಿರು ಸಾಲದ ಸಾಲುಗಳನ್ನು ಎರಡು ಮಾಡಿ. ಸಮಯ ಮೀರಿದರೆ ಎಲ್ಲ ಘಟನೆಗಳಿಂದಲೂ ಒಂದೊಂದು ಸಾಲು ಕಿತ್ತು ಸೊರಗಿಸಬೇಡಿ. ಒಂದು ಘಟನೆಯನ್ನು ಪೂರ್ತಿ ತೆಗೆಯಿರಿ. ಇಲ್ಲಿ ಮೊಮ್ಮಗನ ಎಸ್ಸೆಸ್ಸೆಲ್ಸಿ ಹೋದರೆ ಪರವಾಗಿಲ್ಲ. ದೊಡ್ಡಮ್ಮನ ಮಗುವಿನ ನೆನಪು ಅದೇ ಕೆಲಸ ಮಾಡುತ್ತಿದೆ, ಇನ್ನೂ ಚೆನ್ನಾಗಿ.

ಮಾತು ಕೊಟ್ಟೂ ಬರಹದಲ್ಲಿ ಜಾಗ ಸಿಗದವರಿಗೆ ಬೇಜಾರಾಗುವುದು ಸಹಜ. ಅವರಿಗೆ ಸಭೆಗೆ ಮೊದಲೇ ನೀವೇ ತಿಳಿಸಿ. ಉಳಿದ ಚೀಟಿಗಳನ್ನು ಒಟ್ಟು ಮಾಡಿ ಒಂದೆರಡು ಹಾಳೆ ಬರೆದು, ವರ್ಷದ ತಿಥಿಗೆ ಎಲ್ಲರಿಗೂ ಕೊಡುತ್ತೇನೆ ಅಂತ ಹೇಳಿ. ಹೇಳಿದ ಮೇಲೆ ಮಾಡಿ.

## ಹಂತ 10: ಓದುವ ದಿನ

ಫೋನಿನಲ್ಲಿ ನೋಡಿ ಓದಬೇಡಿ. ಪರದೆ ಆರಿಹೋಗುತ್ತದೆ, ಕಣ್ಣು ಮಂಜಾದಾಗ ಸಾಲು ತಪ್ಪುತ್ತದೆ. ಎ4 ಹಾಳೆಯ ಒಂದೇ ಮಗ್ಗುಲಿಗೆ, 18 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಪ್ರಿಂಟ್ ತೆಗೆಯಿರಿ. ಒಂದು ವಾಕ್ಯ ಎರಡು ಹಾಳೆಗೆ ಹಂಚಿಹೋಗದಿರಲಿ. ಹಾಳೆಗೆ ದೊಡ್ಡದಾಗಿ ನಂಬರ್ ಹಾಕಿ.

ಗಂಟಲು ಕಟ್ಟುವ ಸಾಲು ಯಾವುದು ಅಂತ ಬಾಯಿಬಿಟ್ಟು ಓದುವಾಗಲೇ ಗೊತ್ತಾಗಿರುತ್ತದೆ. ಅದಕ್ಕೆ ಮುಂಚಿನ ಸಾಲಿನ ಕೊನೆಯಲ್ಲಿ ಒಂದು ಗೆರೆ ಎಳೆಯಿರಿ. ಅಲ್ಲಿ ನಿಲ್ಲಿ, ನೀರು ಕುಡಿಯಿರಿ, ಆಮೇಲೆ ಓದಿ. ಇನ್ನೊಂದು ಪ್ರತಿಯನ್ನು ಮುಂದಿನ ಸಾಲಿನಲ್ಲಿ ಕೂತ ತಮ್ಮನಿಗೋ ಅಕ್ಕನಿಗೋ ಕೊಟ್ಟಿರಿ. ನಿಮಗೆ ಆಗದಿದ್ದರೆ ಅವರು ಬಂದು ಮುಂದುವರಿಸುತ್ತಾರೆ ಅಂತ ಮೊದಲೇ ಮಾತಾಡಿಕೊಂಡಿರಿ.

ಸಭೆ ಮುಗಿದ ಮೇಲೆ ಮೂಲ ರೆಕಾರ್ಡಿಂಗುಗಳನ್ನು ಅಳಿಸಬೇಡಿ, ಕತ್ತರಿಸಲೂ ಬೇಡಿ. ಕೇಳಿದವರಿಗೆ ಅವರವರ ಫೈಲು ಕೊಡಿ. ಬೇರೆಯವರ ಫೈಲನ್ನು ಅವರನ್ನು ಕೇಳಿಯೇ ಕೊಡಿ. ಹೇಳಿದವರಲ್ಲಿ ತುಂಬಾ ವಯಸ್ಸಾದವರಿದ್ದರೆ ಅವರ ಫೈಲಿನ ಒಂದು ನಕಲನ್ನು ಅವರ ಮಕ್ಕಳಿಗೂ ತಲುಪಿಸಿ.